‘ಸಾಬೀತಾಗಿದೆ’ ಎಂದು ಬರೆಯುವ ಮುನ್ನ

ನಮ್ಮ ಗುಂಪಿನ ಪ್ರಾಜೆಕ್ಟ್‌ನ ಸಾರಾಂಶದಲ್ಲಿ ಕೊನೆಯ ವಾಕ್ಯ ಹೀಗಿತ್ತು: “ಕ್ಯೂಆರ್ ಕೋಡ್ ಇಟ್ಟರೆ ವ್ಯಾಪಾರ ಹೆಚ್ಚುತ್ತದೆ ಎಂದು ಈ ಅಧ್ಯಯನದಿಂದ ಸಾಬೀತಾಗಿದೆ.” ಅರ್ಥಶಾಸ್ತ್ರದ ಮೇಡಂ ‘ಸಾಬೀತಾಗಿದೆ’ ಎಂಬ ಪದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಪಕ್ಕದಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: “ಹೇಗೆ?”

ನಾವು ಮಾಡಿದ್ದು ಇಷ್ಟು. ಕಾಲೇಜಿನ ಹತ್ತಿರದ ಬಜಾರಿನಲ್ಲಿ 40 ಅಂಗಡಿಗಳಿಗೆ ಹೋದೆವು. 31 ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಇತ್ತು. ಆ 31 ಜನರನ್ನು “ಇತ್ತೀಚೆಗೆ ವ್ಯಾಪಾರ ಹೆಚ್ಚಿದೆಯೇ?” ಎಂದು ಕೇಳಿದೆವು. 19 ಜನ ಹೌದು ಎಂದರು, 8 ಜನ ಮೊದಲಿನಷ್ಟೇ ಇದೆ ಎಂದರು, 4 ಜನ ಹೇಳಲಾಗದು ಎಂದರು. ಅರ್ಧಕ್ಕಿಂತ ಹೆಚ್ಚು ಜನ ಹೌದು ಎಂದಮೇಲೆ ಸಾಬೀತಾದ ಹಾಗೆಯೇ ಅಲ್ಲವೇ ಎಂದುಕೊಂಡೆವು.

ಅದೇ ದಿನ ಸಂಜೆ ಬಟ್ಟೆ ಅಂಗಡಿಯ ನನ್ನ ಮಾಮುವಿಗೆ ಆ ವಾಕ್ಯ ಓದಿ ಹೇಳಿದೆ. ಅವರು ಇನ್ನೂ ಕ್ಯೂಆರ್ ಇಟ್ಟಿಲ್ಲ. ನಾನು ಓದಿದ್ದು ಕೇಳಿ, “ಹಾಗಾದರೆ ನಾಳೆಯೇ ಹಾಕಿಸಿಬಿಡಲಾ ಬೇಟಾ? ಆ ಮಾತಾಡುವ ಡಬ್ಬಿಯನ್ನೂ ತಿಂಗಳ ಬಾಡಿಗೆಗೆ ತಗೊಳ್ತೀನಿ” ಎಂದರು. ನನಗೆ ಎದೆ ಧಸಕ್ಕೆಂದಿತು. ಆಮೇಲೆ ಅವರೇ ನಕ್ಕು ಕೇಳಿದರು: “ಈದ್‌ಗೆ ಎರಡು ವಾರ ಇರುವಾಗ ಹೋಗಿ ಕೇಳಿದರೆ ಯಾರ ವ್ಯಾಪಾರ ಹೆಚ್ಚಿಲ್ಲ ಹೇಳು? ನನ್ನದೂ ಹೆಚ್ಚಿದೆ.”

ಮೇಡಂ ಬರೆದ ‘ಹೇಗೆ?’ ಎಂಬ ಪ್ರಶ್ನೆ ನನಗೆ ಅರ್ಥವಾದದ್ದು ಆಗ.

ಮರುದಿನ ನಾವು ಹೆದರಿ ಇನ್ನೊಂದು ತುದಿಗೆ ಹೋದೆವು. ಎರಡನೇ ಕರಡಿನ ವಾಕ್ಯ ಇದು: “ಕ್ಯೂಆರ್ ಕೋಡ್‌ನಿಂದ ಬಹುಶಃ ಕೆಲವು ಅಂಗಡಿಗಳಲ್ಲಿ ಸ್ವಲ್ಪ ಮಟ್ಟಿಗೆ ವ್ಯಾಪಾರ ಹೆಚ್ಚಿರಬಹುದು ಎಂದು ತೋರುತ್ತದೆ.” ಬಹುಶಃ, ಕೆಲವು, ಸ್ವಲ್ಪ ಮಟ್ಟಿಗೆ, ಇರಬಹುದು, ತೋರುತ್ತದೆ: ಒಂದೇ ವಾಕ್ಯದಲ್ಲಿ ಐದು ಅಂಜಿಕೆ. ನನ್ನ ಅಮ್ಮಿ ಯಾರಿಗಾದರೂ ಬರುವುದಿಲ್ಲ ಎಂದು ನೇರವಾಗಿ ಹೇಳಲು ಮನಸ್ಸಿಲ್ಲದಾಗ ‘ಶಾಯದ್’ ಅನ್ನುತ್ತಾರಲ್ಲ, ಆ ಥರದ ವಾಕ್ಯ. ಮೇಡಂ ಇದನ್ನೂ ಒಪ್ಪಲಿಲ್ಲ. “ಮೊದಲನೆಯದು ಸುಳ್ಳಾಗಿತ್ತು. ಇದು ಏನನ್ನೂ ಹೇಳುತ್ತಿಲ್ಲ. ಯಾವ ಅಂಗಡಿ, ಎಷ್ಟು, ಅನುಮಾನ ಯಾಕೆ, ಒಂದೂ ಇಲ್ಲ” ಎಂದರು.

ಇಂಥ ಪದಗಳನ್ನು ಇಂಗ್ಲಿಷಿನಲ್ಲಿ ‘ಹೆಡ್ಜ್’ ಎನ್ನುತ್ತಾರೆ, ಅಂದರೆ ಬೇಲಿ. ಕಾಮರ್ಸ್‌ನವರಾದ ನಮಗೆ ಹೆಡ್ಜಿಂಗ್ ಎಂದರೆ ಬೆಲೆ ಏರಿಳಿತದ ನಷ್ಟದಿಂದ ಕಾಪಾಡಿಕೊಳ್ಳುವುದು. ಅಲ್ಲಿಯೂ ಎಷ್ಟು ಅಪಾಯವಿದೆಯೋ ಅಷ್ಟಕ್ಕೆ ರಕ್ಷಣೆ ತೆಗೆದುಕೊಳ್ಳುತ್ತೇವೆ. ಸಾರಾಂಶದಲ್ಲಿಯೂ ಹಾಗೆಯೇ, ಅನುಮಾನ ಎಲ್ಲಿದೆಯೋ ಅಲ್ಲಿಗೆ ಮಾತ್ರ ಬೇಲಿ. ನಾವು ಎಣಿಸಿದ್ದರಲ್ಲಿ ಅನುಮಾನವಿಲ್ಲ. 31ರಲ್ಲಿ 19 ಜನ ಹೌದು ಎಂದಿದ್ದಾರೆ, ಅದಕ್ಕೆ ‘ಬಹುಶಃ’ ಬೇಡ. ಆ ಏರಿಕೆಗೆ ಕಾರಣ ಕ್ಯೂಆರ್ ಎಂಬುದು ಮಾತ್ರ ನಮ್ಮ ಊಹೆ.

ಎಣಿಕೆಗೂ ಊಹೆಗೂ ನಡುವಿನ ಈ ಗೆರೆ ತೋರಿಸಲು ಮೇಡಂ ಒಂದು ಹೆಸರಾಂತ ಪ್ರಬಂಧದ ಬಗ್ಗೆ ಹೇಳಿದರು. ಡೇವಿಡ್ ಕಾರ್ಡ್ ಮತ್ತು ಆಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು 1994ರಲ್ಲಿ ಪ್ರಕಟಿಸಿದ್ದು. ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ 1992ರ ಏಪ್ರಿಲ್ 1ರಂದು ಕನಿಷ್ಠ ವೇತನ ಗಂಟೆಗೆ 4.25 ಡಾಲರ್‌ನಿಂದ 5.05 ಡಾಲರ್‌ಗೆ ಏರಿತು. ನಾವು ಓದುವ ಬೇಡಿಕೆಯ ನಿಯಮದ ಪ್ರಕಾರ ಕೂಲಿ ದುಬಾರಿಯಾದರೆ ಮಾಲೀಕರು ಕೆಲಸಗಾರರನ್ನು ಕಡಿಮೆ ಮಾಡಬೇಕು. ಅವರು ಏರಿಕೆಗೆ ಮೊದಲು ಮತ್ತು ಆಮೇಲೆ 410 ಫಾಸ್ಟ್‌ಫುಡ್ ಅಂಗಡಿಗಳನ್ನು ವಿಚಾರಿಸಿದರು. ಅವುಗಳಲ್ಲಿ ಕೆಲವು ಪಕ್ಕದ ಪೆನ್ಸಿಲ್ವೇನಿಯಾದ ಪೂರ್ವ ಭಾಗದವು. ಅಲ್ಲಿ ವೇತನ ಏರಿರಲಿಲ್ಲ, ಹಾಗಾಗಿ ಹೋಲಿಸಿ ನೋಡಬಹುದಿತ್ತು.

ಅವರ ಸಾರಾಂಶದಲ್ಲಿ ದಿನಾಂಕ, ವೇತನ, ಅಂಗಡಿಗಳ ಸಂಖ್ಯೆ ಎಲ್ಲವೂ ಯಾವ ಬೇಲಿಯೂ ಇಲ್ಲದೆ ನೇರವಾಗಿವೆ. ಕೊನೆಯಲ್ಲಿ ಮಾತ್ರ, ವೇತನ ಏರಿದ್ದರಿಂದ ಉದ್ಯೋಗ ಕಡಿಮೆಯಾಯಿತು ಎಂಬುದರ ಸೂಚನೆ ತಮಗೆ ಕಾಣಲಿಲ್ಲ ಎಂಬ ಅರ್ಥದ ಮಾತಿದೆ. ‘ಕನಿಷ್ಠ ವೇತನ ಏರಿಸಿದರೆ ಉದ್ಯೋಗ ಕಡಿಮೆಯಾಗುವುದಿಲ್ಲ’ ಎಂದು ಅವರು ಬರೆಯಲಿಲ್ಲ. ಹಾಗೆ ಬರೆದಿದ್ದರೆ ಎಲ್ಲ ದೇಶಕ್ಕೂ ಎಲ್ಲ ಕಾಲಕ್ಕೂ ಅನ್ವಯಿಸುವ ಮಾತಾಗುತ್ತಿತ್ತು. ಅವರ ಮಾತು ತಾವು ನೋಡಿದ ಅಂಗಡಿಗಳ ಮೇಲೇ ನಿಲ್ಲುತ್ತದೆ. ಮುಂದೆ ಬೇರೆ ಸಂಶೋಧಕರು ಅಂಗಡಿಗಳ ಸಂಬಳದ ದಾಖಲೆ ಹಿಡಿದು ಬೇರೆ ತೀರ್ಮಾನಕ್ಕೆ ಬಂದರು, ವಾದ ವರ್ಷಗಟ್ಟಲೆ ನಡೆಯಿತು. ಆದರೂ ‘ನಮಗೆ ಕಾಣಲಿಲ್ಲ’ ಎಂಬ ಮಾತನ್ನು ಯಾವ ದಾಖಲೆ ಹಿಡಿದು ಪರೀಕ್ಷಿಸಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು.

ನಮ್ಮ ಸಮೀಕ್ಷೆಯಲ್ಲಿ ಆ ಪೆನ್ಸಿಲ್ವೇನಿಯಾವೇ ಇರಲಿಲ್ಲ! ಕ್ಯೂಆರ್ ಇಲ್ಲದ 9 ಅಂಗಡಿಯವರನ್ನು ನಾವು ವ್ಯಾಪಾರದ ಬಗ್ಗೆ ಕೇಳಿಯೇ ಇರಲಿಲ್ಲ. ಹಬ್ಬಕ್ಕೆ ನಾಲ್ಕು ದಿನ ಉಳಿದಿತ್ತು, ಮತ್ತೆ ಹೋದೆವು. 9ರಲ್ಲಿ 5 ಜನ ಹೆಚ್ಚಿದೆ ಎಂದರು. ಶೇಕಡಾ ಲೆಕ್ಕದಲ್ಲಿ ಕ್ಯೂಆರ್ ಇರುವವರಲ್ಲಿ 61, ಇಲ್ಲದವರಲ್ಲಿ 56. ನನ್ನ ಗೆಳತಿ “ಐದು ಶೇಕಡಾ ಹೆಚ್ಚು ತಾನೇ?” ಎಂದಳು. ಆದರೆ 9ರಲ್ಲಿ ಇನ್ನೊಬ್ಬರು ಹೌದು ಎಂದಿದ್ದರೆ ಅದು 67 ಆಗಿ ಲೆಕ್ಕವೇ ತಿರುಗುತ್ತಿತ್ತು. ಒಬ್ಬ ಅಂಗಡಿಯವರ ಉತ್ತರಕ್ಕೆ ಉಲ್ಟಾ ಆಗುವ ವ್ಯತ್ಯಾಸದ ಮೇಲೆ ತೀರ್ಮಾನ ಕಟ್ಟಲಾಗದು.

ಕನ್ನಡದಲ್ಲಿ ಬರೆಯುವಾಗ ಇನ್ನೊಂದು ತೊಡಕು ಸಿಕ್ಕಿತು. ಮನೆಯಲ್ಲಿ ಉರ್ದು ಮಾತಾಡುವ ನನಗೇ ಇದು ಮೊದಲು ಕಣ್ಣಿಗೆ ಬಿತ್ತೋ ಏನೋ. “ಅಂಗಡಿಯವರು ನಗದು ಕೇಳಬಹುದು” ಎಂದರೆ ಕೇಳುವ ಸಾಧ್ಯತೆಯಿದೆ ಎಂದೂ ಆಗುತ್ತದೆ, ಕೇಳಲು ಅನುಮತಿಯಿದೆ ಎಂದೂ ಆಗುತ್ತದೆ. ಉರ್ದುವಿನಲ್ಲಿ ಸಾಧ್ಯತೆಗೆ ‘ಶಾಯದ್’ ಎಂದು ಬೇರೆ ಪದ ಹಾಕಿಬಿಡುತ್ತೇವೆ. ಆದ್ದರಿಂದ ಅನುಮಾನ ಹೇಳಬೇಕಾದಲ್ಲಿ ‘ಬಹುದು’ ಬಿಟ್ಟು ‘ಸಾಧ್ಯತೆಯಿದೆ’ ಎಂದು ಬರೆದೆವು. ‘ಹೆಚ್ಚಿದೆ’ ಮತ್ತು ‘ಹೆಚ್ಚಿದೆ ಎಂದರು’ ಕೂಡ ಬೇರೆ ಬೇರೆ. ನಾವು ಯಾರ ಲೆಕ್ಕದ ಪುಸ್ತಕವನ್ನೂ ನೋಡಿಲ್ಲ, ಬಾಯಿಮಾತು ಕೇಳಿದ್ದೇವೆ. ‘ಎಂದರು’ ಎಂಬ ಒಂದು ಪದ ಅದನ್ನು ಓದುಗರಿಗೆ ತಿಳಿಸುತ್ತದೆ.

ಮೂರನೇ ಕರಡು ಹೀಗಾಯಿತು:

“ಕಾಲೇಜಿನ ಹತ್ತಿರದ ಬಜಾರಿನ 40 ಅಂಗಡಿಗಳಲ್ಲಿ ಈದ್‌ಗೆ ಮುಂಚಿನ ಎರಡು ವಾರಗಳಲ್ಲಿ ಸಮೀಕ್ಷೆ ನಡೆಸಲಾಯಿತು. ಕ್ಯೂಆರ್ ಕೋಡ್ ಇರುವ 31ರಲ್ಲಿ 19, ಇಲ್ಲದ 9ರಲ್ಲಿ 5 ಅಂಗಡಿಯವರು ಇತ್ತೀಚೆಗೆ ವ್ಯಾಪಾರ ಹೆಚ್ಚಿದೆ ಎಂದರು. ಎರಡೂ ಗುಂಪಿನಲ್ಲಿ ಏರಿಕೆ ಕಂಡಿರುವುದರಿಂದ ಹಬ್ಬದ ಖರೀದಿಯೇ ಕಾರಣವಾಗಿರುವ ಸಾಧ್ಯತೆಯಿದೆ. ಕ್ಯೂಆರ್‌ನಿಂದ ವ್ಯಾಪಾರ ಹೆಚ್ಚಿತು ಎಂಬುದಕ್ಕೆ ಈ ಸಮೀಕ್ಷೆಯಲ್ಲಿ ಸ್ಪಷ್ಟ ಆಧಾರ ಸಿಗಲಿಲ್ಲ.”

ಅನುಮಾನದ ಪದ ಒಂದೇ ಇದೆ, ಅದರ ಕಾರಣವೂ ಅದೇ ವಾಕ್ಯದಲ್ಲಿದೆ. ಮೇಡಂ ಈ ಸಲ ‘ಆಧಾರ ಸಿಗಲಿಲ್ಲ’ ಎಂಬುದರ ಕೆಳಗೆ ಗೆರೆ ಎಳೆದು, “ಇದನ್ನು ‘ಹೆಚ್ಚಲಿಲ್ಲ’ ಎಂದು ಮಾತ್ರ ಬದಲಿಸಬೇಡಿ” ಎಂದರು. ನಿಜ ಹೇಳಬೇಕೆಂದರೆ, ನಮ್ಮ ಗುಂಪಿನ ಇಬ್ಬರಿಗೆ ‘ಸಾಬೀತಾಗಿದೆ’ ಹೋದದ್ದು ಇಂದಿಗೂ ಬೇಸರ.

ಮಾಮುವಿಗೆ ಇದನ್ನೂ ಓದಿ ಹೇಳಿದೆ. ಕತ್ತರಿ ಕೆಳಗಿಟ್ಟು ಕೇಳಿದರು. “ಹಾಗಾದರೆ ಹಬ್ಬ ಮುಗಿದು ಎರಡು ತಿಂಗಳಾದ ಮೇಲೆ ಇನ್ನೊಮ್ಮೆ ಬಂದು ಕೇಳಿ. ಅಲ್ಲಿಯವರೆಗೆ ಡಬ್ಬಿ ಬೇಡ.”