ಪೆಟ್ರೋಲ್ ಕಳೆದು ಉಳಿದದ್ದೆಲ್ಲ ಲಾಭವಲ್ಲ

ಬೆಂಗಳೂರಿನಲ್ಲಿ ಊಟ ತಲುಪಿಸುವ ಹುಡುಗರು ರಾತ್ರಿ ಹನ್ನೊಂದರ ಹೊತ್ತಿಗೆ ಬಂಕಿನ ಮುಂದೆ ಸಾಲುಗಟ್ಟುತ್ತಾರೆ. ಯಾರೂ ಟ್ಯಾಂಕ್ ತುಂಬಿಸುವುದಿಲ್ಲ. ಇನ್ನೂರಕ್ಕೋ ಮುನ್ನೂರಕ್ಕೋ ಹಾಕಿಸಿ, ಮೊಬೈಲಿನಲ್ಲಿ ಆ ದಿನದ ಗಳಿಕೆ ನೋಡಿ, ಮನಸ್ಸಿನಲ್ಲೇ ಕಳೆದುಬಿಡುತ್ತಾರೆ. ಒಂಬೈನೂರು ಬಂತು, ಮುನ್ನೂರು ಪೆಟ್ರೋಲಿಗೆ ಹೋಯಿತು, ಆರುನೂರು ಉಳಿಯಿತು. ದಿನ ಮುಗಿಸಿ ಮನೆಗೆ ಹೊರಡಲು ಈ ಲೆಕ್ಕ ಸಾಕು. ಆದರೆ ಆ ಆರುನೂರರಲ್ಲಿ ಒಂದು ಪಾಲು ಗಾಡಿಗೆ ಸೇರಿದ್ದು. ಗಾಡಿ ಅದನ್ನು ದಿನವೂ ಕೇಳುವುದಿಲ್ಲ, ನಾಲ್ಕೈದು ತಿಂಗಳಿಗೊಮ್ಮೆ ಒಟ್ಟಿಗೆ ಕೇಳುತ್ತದೆ.

110 ಸಿಸಿಯ ಸಾಮಾನ್ಯ ಸ್ಕೂಟರ್ ಒಂದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸವಾರ ದಿನಕ್ಕೆ ಹತ್ತು ಗಂಟೆ ದುಡಿದು ಇಪ್ಪತ್ತು ಆರ್ಡರ್ ಮುಗಿಸುತ್ತಾನೆ, 120 ಕಿಲೋಮೀಟರ್ ಓಡಿಸುತ್ತಾನೆ ಎಂದುಕೊಳ್ಳೋಣ. ಆರ್ಡರಿಗೆ ಸರಾಸರಿ 40 ರೂಪಾಯಿ, ಮೇಲೆ ನೂರು ರೂಪಾಯಿ ಇನ್ಸೆಂಟಿವ್, ಒಟ್ಟು 900. ತಿಂಗಳಿಗೆ 26 ದಿನ ದುಡಿದರೆ 23,400 ರೂಪಾಯಿ ಕೈಗೆ ಬರುತ್ತದೆ, ಗಾಡಿ 3,120 ಕಿಲೋಮೀಟರ್ ಓಡುತ್ತದೆ. ನಗರದ ಸಿಗ್ನಲ್ಲುಗಳ ನಡುವೆ ಲೀಟರಿಗೆ 45 ಕಿಲೋಮೀಟರ್ ಸಿಕ್ಕಿದರೆ ಒಳ್ಳೆಯ ಮೈಲೇಜೇ. ಪೆಟ್ರೋಲ್ ದರ 103 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ ಸುಮಾರು 7,140 ರೂಪಾಯಿ, ಅಂದರೆ ಕಿಲೋಮೀಟರಿಗೆ 2 ರೂಪಾಯಿ 29 ಪೈಸೆ. ಸವಾರರೆಲ್ಲ ಲೆಕ್ಕವಿಡುವುದು ಇಲ್ಲಿಯವರೆಗೆ.

ಮುಂದಿನದು ಸವೆತ. ಆಫೀಸಿಗೆ ಹೋಗಿಬರುವವರ ಸ್ಕೂಟರ್ ನಾಲ್ಕೈದು ವರ್ಷದಲ್ಲಿ ಓಡುವಷ್ಟು ದೂರವನ್ನು ಈ ಗಾಡಿ ಒಂದೇ ವರ್ಷದಲ್ಲಿ ಓಡುತ್ತದೆ. ಅವರಿಗೆ ವರ್ಷಕ್ಕೆರಡು ಸಲ ಬರುವ ಆಯಿಲ್ ಚೇಂಜ್ ಇವನಿಗೆ ತಿಂಗಳಿಗೊಮ್ಮೆ ಬರುತ್ತದೆ. ಹೋಟೆಲ್ ಮುಂದೆ ಆನ್ ಮಾಡಿಟ್ಟೇ ಕಾಯುವ ಹೊತ್ತು ಮೀಟರಿನಲ್ಲಿ ಕಾಣದಿದ್ದರೂ ಆಯಿಲ್ ಆಗಲೂ ದುಡಿಯುತ್ತಿರುತ್ತದೆ. ಹಿಂದಿನ ಟಯರ್ ಐದಾರು ತಿಂಗಳಿಗೆ ನುಣುಪಾಗುತ್ತದೆ. ಬ್ರೇಕ್ ಶೂ ಅದಕ್ಕಿಂತ ಮೊದಲೇ ಕೂಗತೊಡಗುತ್ತದೆ. ಏರ್ ಫಿಲ್ಟರ್, ಪ್ಲಗ್, ಪಂಕ್ಚರ್, ಬ್ಯಾಟರಿ ಎಲ್ಲವನ್ನೂ ಸೇರಿಸಿ ತಿಂಗಳಿಗೆ ಹಂಚಿದರೆ ಸುಮಾರು 1,600 ರೂಪಾಯಿ, ಕಿಲೋಮೀಟರಿಗೆ ಐವತ್ತು ಪೈಸೆ.

ಇವುಗಳಲ್ಲಿ ಸವಾರರನ್ನು ಹೆಚ್ಚು ಕಾಡುವುದು ಬೆಲ್ಟ್. ಗೇರಿಲ್ಲದ ಸ್ಕೂಟರಿನಲ್ಲಿ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರದ ಕಡೆಗೆ ಒಯ್ಯುವುದು ಒಂದು ರಬ್ಬರ್ ಬೆಲ್ಟ್. ಅದರ ಜೊತೆಗೆ ತಿರುಗುವ ಪುಟ್ಟ ರೋಲರುಗಳೂ ಸವೆಯುತ್ತವೆ. ಇಪ್ಪತ್ತು ಸಾವಿರ ಕಿಲೋಮೀಟರ್ ದಾಟಿದ ಮೇಲೆ, ಅಂದರೆ ಈ ಸವಾರನಿಗೆ ಆರೇಳು ತಿಂಗಳಲ್ಲೇ, ಇದನ್ನು ಬಿಚ್ಚಿ ನೋಡಿಸಬೇಕು. ಹೊರಡುವಾಗ ಗಾಡಿ ಅದುರುವುದು, ಆಕ್ಸಿಲರೇಟರ್ ತಿರುವಿದಷ್ಟೂ ಎಂಜಿನ್ ಕೂಗಿದರೂ ವೇಗ ಏರದಿರುವುದು, ಮೇಲ್ಸೇತುವೆ ಹತ್ತುವಾಗ ಎಳೆತ ಸಾಲದಿರುವುದು ಇದರ ಲಕ್ಷಣಗಳು. ನಿರ್ಲಕ್ಷಿಸಿದರೆ ಬೆಲ್ಟ್ ದಾರಿಯಲ್ಲೇ ತುಂಡಾಗುತ್ತದೆ. ಎಂಜಿನ್ ಓಡುತ್ತಿರುತ್ತದೆ, ಚಕ್ರ ತಿರುಗುವುದಿಲ್ಲ. ಬೆಲ್ಟಿನ ಬೆಲೆಯ ಜೊತೆಗೆ ಅವತ್ತಿನ ಸಂಜೆಯ ಆರ್ಡರುಗಳೂ ಇನ್ಸೆಂಟಿವೂ ಹೋಗುತ್ತವೆ.

ಇನ್ನೊಂದು ಖರ್ಚು ಬಿಲ್ ರೂಪದಲ್ಲಿ ಬರುವುದೇ ಇಲ್ಲ. ಲಕ್ಷ ರೂಪಾಯಿ ಕೊಟ್ಟು ತಂದ ಸ್ಕೂಟರ್ ಮೂರು ವರ್ಷದಲ್ಲಿ ಒಂದು ಲಕ್ಷ ಹತ್ತು ಸಾವಿರ ಕಿಲೋಮೀಟರ್ ಓಡಿದ ಮೇಲೆ 25,000ಕ್ಕೆ ಮಾರಾಟವಾಯಿತು ಎಂದುಕೊಳ್ಳೋಣ. ಕರಗಿಹೋದ 75,000 ರೂಪಾಯಿಯನ್ನು ಓಡಿದ ದೂರಕ್ಕೆ ಹಂಚಿದರೆ ಕಿಲೋಮೀಟರಿಗೆ 68 ಪೈಸೆ. ಸಾಲದ ಕಂತು ಕಟ್ಟುತ್ತಿರುವವರು ಈ ಮೊತ್ತವನ್ನು ಕಂತಿನ ರೂಪದಲ್ಲಿ ತೆರುತ್ತಲೇ ಇದ್ದಾರೆ, ಅವರಿಗೆ ಬಡ್ಡಿಯಷ್ಟೇ ಹೆಚ್ಚಿಗೆ. ಕಂತು ಮುಗಿದವರಿಗೆ ಖರ್ಚು ನಿಂತಂತೆ ಕಾಣುತ್ತದೆ, ಆದರೆ ಗಾಡಿ ಸವೆಯುತ್ತಲೇ ಇರುತ್ತದೆ.

ಮೂರನ್ನೂ ಕೂಡಿದರೆ ಕಿಲೋಮೀಟರಿಗೆ ಸುಮಾರು ಮೂರೂವರೆ ರೂಪಾಯಿ. ತಿಂಗಳ ಗಳಿಕೆಯಲ್ಲಿ 10,920 ಗಾಡಿಯ ಪಾಲು, 12,480 ಸವಾರನ ಪಾಲು. ಪೆಟ್ರೋಲ್ ಮಾತ್ರ ಕಳೆದುಕೊಂಡವನಿಗೆ ಕಂಡಿದ್ದು 16,260. ತಿಂಗಳ 260 ಗಂಟೆಗೆ ಹಂಚಿದರೆ ಗಂಟೆಗೆ 48 ರೂಪಾಯಿ ಬೀಳುತ್ತದೆ. ಬಿಸಿಲು, ಮಳೆ, ಹೊಗೆಯ ನಡುವೆ ದುಡಿದ ಗಂಟೆಗೆ ಇದು ತೀರಾ ಕಡಿಮೆ.

ಲಾಭ ಸೋರಿಹೋಗುವ ದೊಡ್ಡ ತೂತು ಬೇರೆಯೇ ಇದೆ, ಖಾಲಿ ವಾಪಸಾತಿ. ಕೋರಮಂಗಲದ ಹೋಟೆಲಿನಿಂದ ಸರ್ಜಾಪುರ ರಸ್ತೆಯಾಚೆಯ ಅಪಾರ್ಟ್‌ಮೆಂಟಿಗೆ ಒಂದು ಆರ್ಡರ್ ಬಂತು, ದುಡ್ಡು 70 ರೂಪಾಯಿ ಎನ್ನೋಣ. ಹೋಟೆಲಿಗೆ ಎರಡು ಕಿಲೋಮೀಟರ್, ಅಲ್ಲಿಂದ ಗಿರಾಕಿಯ ಮನೆಗೆ ಒಂಬತ್ತು. ಅಷ್ಟು ಹೊತ್ತಿನಲ್ಲಿ ಅಲ್ಲಿ ಹೊಸ ಆರ್ಡರ್ ಹುಟ್ಟುವುದಿಲ್ಲ, ಹಾಗಾಗಿ ಎಂಟು ಕಿಲೋಮೀಟರ್ ಖಾಲಿ ಬರಬೇಕು. ಒಟ್ಟು 19 ಕಿಲೋಮೀಟರಿಗೆ ಮೂರೂವರೆಯಂತೆ 66 ರೂಪಾಯಿ 50 ಪೈಸೆ. ಮುಕ್ಕಾಲು ಗಂಟೆಗೂ ಹೆಚ್ಚಿನ ಓಡಾಟಕ್ಕೆ ಉಳಿದದ್ದು ಮೂರೂವರೆ ರೂಪಾಯಿ. ಪೆಟ್ರೋಲ್ ಮಾತ್ರ ಎಣಿಸುವವನ ಕಣ್ಣಿಗೆ ಇದೇ ಆರ್ಡರ್ 26 ರೂಪಾಯಿ ಉಳಿಸಿದಂತೆ ಕಾಣುತ್ತದೆ, ಹಾಗಾಗಿ ನಾಳೆಯೂ ಒಪ್ಪಿಕೊಳ್ಳುತ್ತಾನೆ. ಅದೇ ಹೊತ್ತಿನಲ್ಲಿ 35 ರೂಪಾಯಿಯ ಹತ್ತಿರದ ಎರಡು ಆರ್ಡರ್ ಸಿಕ್ಕಿ, ಎಲ್ಲ ಸೇರಿ ಎಂಟು ಕಿಲೋಮೀಟರ್ ಓಡಿದ್ದರೆ 42 ರೂಪಾಯಿ ಉಳಿಯುತ್ತಿತ್ತು. ಮೊತ್ತ ಎರಡಕ್ಕೂ ಎಪ್ಪತ್ತೇ. ಆರ್ಡರಿನ ದುಡ್ಡನ್ನು ವಾಪಸ್ ದಾರಿಯೂ ಸೇರಿದ ದೂರದಿಂದ ಭಾಗಿಸಿ ನೋಡುವ ಸವಾರನಿಗೆ ಇದು ಬೇಗ ಗೊತ್ತಾಗುತ್ತದೆ. ಆರ್ಡರ್ ಬೇಡವೆನ್ನುವ ಸ್ವಾತಂತ್ರ್ಯ ಎಷ್ಟಿದೆ, ಬೇಡವೆಂದರೆ ಇನ್ಸೆಂಟಿವ್ ತಪ್ಪುತ್ತದೆಯೇ ಎಂಬುದು ಮಾತ್ರ ಅವನ ಕೈಯಲ್ಲಿಲ್ಲ.

ಕೈಯಲ್ಲಿರುವುದು ಮೈಲೇಜ್. ಟ್ಯಾಂಕನ್ನು ಒಮ್ಮೆ ಬಾಯಿಮಟ್ಟ ತುಂಬಿಸಿ ಮೀಟರ್ ಬರೆದುಕೊಂಡು, ಮೂರ್ನಾಲ್ಕು ದಿನ ಓಡಿಸಿ, ಮತ್ತೆ ಅಷ್ಟೇ ಮಟ್ಟಕ್ಕೆ ತುಂಬಿಸಬೇಕು. ನಡುವೆ ಹಾಕಿಸಿದ್ದೂ ಸೇರಿ ಹಿಡಿಸಿದ ಒಟ್ಟು ಲೀಟರಿನಿಂದ ಓಡಿದ ದೂರವನ್ನು ಭಾಗಿಸಿದರೆ ನಿಜವಾದ ಮೈಲೇಜ್ ಸಿಗುತ್ತದೆ. ಅದು 45ರಿಂದ 38ಕ್ಕೆ ಇಳಿದರೆ ತಿಂಗಳಿಗೆ ಸುಮಾರು 1,300 ರೂಪಾಯಿ ಹೆಚ್ಚು ಪೆಟ್ರೋಲ್ ಸುಡುತ್ತದೆ. ಕಾರಣ ಅನೇಕ ಸಲ ಚಿಕ್ಕದು. ಟಯರಿನಲ್ಲಿ ಗಾಳಿ ಕಡಿಮೆ, ಏರ್ ಫಿಲ್ಟರ್ ಧೂಳು ಕಟ್ಟಿದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಇರುವಾಗ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದರೆ ಬ್ರೇಕ್ ಉಜ್ಜುತ್ತಿರುವುದು ಅಲ್ಲೇ ತಿಳಿಯುತ್ತದೆ.

ಈಚೆಗೆ ಅನೇಕರು ಬಾಡಿಗೆಯ ಎಲೆಕ್ಟ್ರಿಕ್ ಗಾಡಿ ಹಿಡಿದಿದ್ದಾರೆ. ಪೆಟ್ರೋಲ್ ಇಲ್ಲ, ಬೆಲ್ಟ್ ಆಯಿಲ್‌ಗಳ ತಲೆನೋವೂ ಸವಾರನದ್ದಲ್ಲ. ದಿನಕ್ಕೆ 120 ಕಿಲೋಮೀಟರ್ ಓಡುವವನಿಗೆ ಸ್ವಂತ ಸ್ಕೂಟರ್ ಬೀಳುವುದು 420 ರೂಪಾಯಿ, ಬಾಡಿಗೆ ಮತ್ತು ಚಾರ್ಜಿಂಗ್ ಸೇರಿ ಅದಕ್ಕಿಂತ ಕಡಿಮೆಯಾದರೆ ಉಳಿತಾಯವೇ. ಸಂಜೆ ಮಾತ್ರ ದುಡಿದು 60 ಕಿಲೋಮೀಟರ್ ಓಡುವವನಿಗೆ ಆ ಗಡಿ 210ಕ್ಕೆ ಇಳಿಯುತ್ತದೆ. ಜ್ವರ ಬಂದು ಮಲಗಿದ ದಿನ ಸ್ವಂತ ಗಾಡಿ ಪೆಟ್ರೋಲ್ ಕೇಳುವುದಿಲ್ಲ, ವಾರದ ಲೆಕ್ಕದ ಬಾಡಿಗೆ ಮಾತ್ರ ಓಡುತ್ತಲೇ ಇರುತ್ತದೆ.

ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ತಂದ ಕಾನೂನು, ಕಂಪನಿಗಳಿಂದ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆದು ಸಾಮಾಜಿಕ ಭದ್ರತೆಗೆ ಬಳಸುತ್ತದೆ. ಟಯರ್, ಬೆಲ್ಟಿನ ಖರ್ಚು ಅದರೊಳಗೆ ಬರುವುದಿಲ್ಲ. ಅಪಘಾತದಲ್ಲಿ ಗಾಡಿಗಾಗುವ ಹಾನಿಯ ವಿಷಯದಲ್ಲೂ ಸವಾರ ಒಂದು ಕಾಗದವನ್ನು ಬಿಡಿಸಿ ಓದಬೇಕು, ತನ್ನದೇ ವಿಮಾ ಪಾಲಿಸಿ. ಖಾಸಗಿ ದ್ವಿಚಕ್ರ ವಾಹನದ ಪಾಲಿಸಿಯಲ್ಲಿ ಬಾಡಿಗೆ ಅಥವಾ ಪ್ರತಿಫಲಕ್ಕಾಗಿ ಬಳಸುವುದು, ಸರಕು ಸಾಗಿಸುವುದು ವ್ಯಾಪ್ತಿಗೆ ಹೊರಗು ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಬೆನ್ನಿಗೆ ಊಟದ ಚೀಲ ಹಾಕಿಕೊಂಡಿದ್ದಾಗ ಗಾಡಿ ಜಖಂ ಆದರೆ ಕ್ಲೇಮ್ ತಿರಸ್ಕರಿಸಲು ಆ ಸಾಲನ್ನೇ ತೋರಿಸಬಹುದು. ಈ ಕೆಲಸಕ್ಕೂ ಅನ್ವಯಿಸುವ ಪಾಲಿಸಿ ಇದೆಯೇ, ಪ್ರೀಮಿಯಂ ಎಷ್ಟು ಹೆಚ್ಚಾಗುತ್ತದೆ ಎಂದು ಮುಂದಿನ ನವೀಕರಣಕ್ಕೆ ಮೊದಲು ಕೇಳಿಕೊಂಡು, ಆ ಮೊತ್ತವನ್ನೂ ಮೂರೂವರೆ ರೂಪಾಯಿಯ ಪಕ್ಕದಲ್ಲಿ ಬರೆದುಕೊಳ್ಳಬೇಕಾಗುತ್ತದೆ.