ಒಂದೇ ಬೀದಿ, ಅರವತ್ತು ಮನೆ, ಅರವತ್ತು ಮುಖ

ಕಳೆದ ರಜೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಮಾತಿನಿಂದ ಈ ಲೇಖನ ಶುರುವಾಯಿತು. ದಾದಾ ಬಿಟ್ಟುಹೋದ 30x40 ಸೈಟನ್ನು ಅಬ್ಬಾ ಮತ್ತು ಚಾಚಾ ಸಮನಾಗಿ ಹಂಚಿಕೊಂಡರು. ಇಬ್ಬರಿಗೂ 15 ಅಡಿ ಅಗಲ, 40 ಅಡಿ ಉದ್ದದ ಜಾಗ ಬಂತು. "ಇಷ್ಟು ಕಿರಿದಾದ ಜಾಗದಲ್ಲಿ ಮನೆ ಕಟ್ಟಿದರೆ ಹಗಲಲ್ಲೂ ಲೈಟ್ ಹಾಕಬೇಕು" ಎಂದು ಅಬ್ಬಾ ಬೇಸರಪಟ್ಟರು. ಎರಡು ಮನೆಯೂ ಒಂದೇ ಥರ ಇರಲಿ ಎಂಬುದು ಅವರ ಆಸೆ. "ನನ್ನ ಮನೆ ನನ್ನ ಇಷ್ಟದಂತೆ" ಎಂಬುದು ಚಾಚಾ ಅವರ ಹಟ. ಆಗ ಆರ್ಕಿಟೆಕ್ಚರ್ ಓದುತ್ತಿರುವ ನನ್ನ ಆಪಾ ತನ್ನ ಪುಸ್ತಕದಲ್ಲಿದ್ದ ಒಂದು ಬೀದಿಯ ಚಿತ್ರ ತೋರಿಸಿದಳು. ಆ ಬೀದಿಯ ಬಗ್ಗೆ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಬೀದಿ ಇರುವುದು ನೆದರ್‌ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ. ಹೆಸರು ಸ್ಖೇಪ್ಸ್‌ಟಿಮ್ಮರ್‌ಮನ್‌ಸ್ಟ್ರಾಟ್, ಅಂದರೆ ಹಡಗು ಕಟ್ಟುವ ಬಡಗಿಗಳ ಬೀದಿ. ಹಿಂದೆ ಅಲ್ಲಿ ಹಡಗುಕಟ್ಟೆಗಳಿದ್ದವು. ಬಂದರಿನ ಕೆಲಸ ಬೇರೆ ಕಡೆಗೆ ಹೋದ ಮೇಲೆ ಜಾಗ ಖಾಲಿ ಬಿತ್ತು. 1990ರ ದಶಕದಲ್ಲಿ ನಗರಾಡಳಿತ ಅಲ್ಲಿನ ಬೋರ್ನಿಯೊ ಮತ್ತು ಸ್ಪೋರೆನ್‌ಬರ್ಗ್ ಎಂಬ ಎರಡು ಕಟ್ಟೆಗಳ ಮೇಲೆ ಸುಮಾರು 2500 ಮನೆಗಳನ್ನು ಕಟ್ಟಿಸಿತು. ನಕ್ಷೆ ಮಾಡಿದ್ದು ಆದ್ರಿಯಾನ್ ಖ್ಯೂಜೆ ಅವರ ವೆಸ್ಟ್ 8 ಸಂಸ್ಥೆ. ಒಂದು ಹೆಕ್ಟೇರಿಗೆ ಸುಮಾರು 100 ಮನೆ ಬರಬೇಕು, ಆದರೆ ಹೆಚ್ಚಿನವು ಎತ್ತರದ ಫ್ಲ್ಯಾಟ್‌ಗಳಾಗದೆ ತಗ್ಗಿನ ಮನೆಗಳಾಗಿರಬೇಕು ಎಂಬುದು ಅವರ ಮುಂದಿದ್ದ ಲೆಕ್ಕ.

ಈ 2500ರಲ್ಲಿ 60 ಸೈಟುಗಳನ್ನು ಮಾತ್ರ ಬೇರೆ ರೀತಿಯಲ್ಲಿ ಕೊಟ್ಟರು. ಬಿಲ್ಡರ್ ಒಬ್ಬನೇ ಕಟ್ಟುವ ಬದಲು, ಸೈಟ್ ಪಡೆದ ಪ್ರತಿಯೊಬ್ಬರೂ ತಮಗೆ ಬೇಕಾದ ಆರ್ಕಿಟೆಕ್ಟ್‌ನನ್ನು ಹಿಡಿದು ಮನೆ ಕಟ್ಟಿಸಿಕೊಳ್ಳಬಹುದಿತ್ತು. ಒಬ್ಬರು ಗಾಜು ಹಾಕಿದರು, ಇನ್ನೊಬ್ಬರು ಇಟ್ಟಿಗೆ, ಮತ್ತೊಬ್ಬರು ಮರ. ಕಿಟಕಿಗಳೂ ಒಂದರಂತೆ ಒಂದಿಲ್ಲ. ಹಾಗಿದ್ದರೂ ಚಿತ್ರ ನೋಡಿದಾಗ ಗೊಂದಲ ಎನಿಸುವುದಿಲ್ಲ, ಒಂದೇ ಬೀದಿ ಎನಿಸುತ್ತದೆ. ಇದು ಹೇಗೆ ಎಂದು ನಾನು ಆಪಾಳನ್ನು ಕೇಳಿದೆ.

ಅವಳು ಚಿತ್ರದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು, ಒಂದು ಮನೆ ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ ಮಾತ್ರ ಗೆರೆ ಎಳೆಯಲು ಹೇಳಿದಳು. ಎಳೆದೆ. ಗೆರೆಗಳು ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಬಂದವು. ಅಲ್ಲಿನ ಸೈಟುಗಳ ಅಗಲ ಸುಮಾರು 4.2 ಮೀಟರಿನಿಂದ 6 ಮೀಟರ್ ಒಳಗೇ ಇದೆ. ಹಾಡಿನಲ್ಲಿ ತಾಳ ಬೀಳುವ ಹಾಗೆ, ಕಣ್ಣಿಗೆ ನಾಲ್ಕೈದು ಮೀಟರಿಗೊಮ್ಮೆ ಒಂದು ಪೆಟ್ಟು ಸಿಗುತ್ತದೆ. ನಂತರ ತಲೆಯ ಗೆರೆ ಎಳೆದೆ. ಎಲ್ಲ ಮನೆಗಳೂ ಸುಮಾರು ಮೂರು ಅಂತಸ್ತಿನ ಎತ್ತರದಲ್ಲೇ ನಿಲ್ಲುತ್ತವೆ. ಕೊನೆಗೆ ಬುಡದ ಗೆರೆ. ಮನೆಗಳ ಮುಂದೆ ಕಾಂಪೌಂಡ್ ಇಲ್ಲ, ಎಲ್ಲವೂ ಬೀದಿಯ ಅಂಚಿನಲ್ಲೇ ಸಾಲಾಗಿ ನಿಂತಿವೆ. ಹಾಗಾಗಿ ಅಗಲ, ಎತ್ತರ, ಮುಂಗಡೆಯ ಸಾಲು ಈ ಮೂರನ್ನು ಯಾರೂ ಬದಲಿಸುವಂತಿಲ್ಲ. ಅದರೊಳಗೆ ಬಣ್ಣ, ಕಿಟಕಿ, ಬಾಗಿಲು ಅವರವರ ಇಷ್ಟ.

ಈ ತಾಳ ತಪ್ಪುವುದು ಯಾವಾಗ ಎಂದೂ ಆಪಾ ತೋರಿಸಿದಳು. ಪಕ್ಕಪಕ್ಕದ ಎರಡು ಸೈಟುಗಳನ್ನು ಒಂದು ಮಾಡಿ 10 ಮೀಟರ್ ಅಗಲದ ಒಂದೇ ಗೋಡೆ ಎಬ್ಬಿಸಿದರೆ ನಡುವಿನ ಗೆರೆ ಮಾಯವಾಗುತ್ತದೆ. ಅದಕ್ಕೆ ಎಷ್ಟು ಒಳ್ಳೆಯ ಬಣ್ಣ ಬಳಿದರೂ ಬೀದಿಯಲ್ಲಿ ಅದು ಎದ್ದು ಕಾಣುತ್ತದೆ. ಪರೀಕ್ಷಿಸಲು ಸುಲಭ ದಾರಿ ಎಂದರೆ ಚಿತ್ರವನ್ನು ಅರೆಗಣ್ಣು ಮಾಡಿ ನೋಡುವುದು. ಬಣ್ಣ, ಕಿಟಕಿ ಮಸುಕಾಗಿ ಅಗಲ ಮತ್ತು ಎತ್ತರ ಮಾತ್ರ ಉಳಿಯುತ್ತವೆ.

ಇನ್ನು ಬೆಳಕಿನ ಮಾತು. ಸಾಲುಮನೆಗೆ ಎರಡೂ ಪಕ್ಕದಲ್ಲಿ ಗೋಡೆ, ಹಾಗಾಗಿ ಕಿಟಕಿ ಮುಂದೆ ಮತ್ತು ಹಿಂದೆ ಮಾತ್ರ. ಆ ಸೈಟುಗಳ ಉದ್ದ ಸುಮಾರು 16 ಮೀಟರ್. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಿಂದ ಎರಡೂವರೆ ಪಟ್ಟು ದೂರದವರೆಗೆ ಒಳಗೆ ಕೆಲಸಕ್ಕೆ ಸಾಲುವಷ್ಟು ಹಗಲ ಬೆಳಕು ಬರುತ್ತದೆ ಎಂಬುದು ಆರ್ಕಿಟೆಕ್ಟ್‌ಗಳು ಬಳಸುವ ಒರಟು ಲೆಕ್ಕ. ಮೇಲಂಚು 2.2 ಮೀಟರ್ ಎತ್ತರದಲ್ಲಿದ್ದರೆ ಒಂದೊಂದು ಕಡೆಯಿಂದ ಹೆಚ್ಚೆಂದರೆ ಐದೂವರೆ ಮೀಟರ್. ಎರಡೂ ಕಡೆ ಸೇರಿ 11. ನಡುವೆ 5 ಮೀಟರ್ ಕತ್ತಲೆ. ಅಲ್ಲಿ ನೆಲಮಹಡಿ 3.5 ಮೀಟರ್ ಎತ್ತರ ಇರಬೇಕೆಂದು ನಿಯಮ ಮಾಡಿದರು. ಕಿಟಕಿಯನ್ನು 3.2 ಮೀಟರಿನವರೆಗೆ ಏರಿಸಿದರೆ ಒಂದೊಂದು ಕಡೆಯಿಂದ 8 ಮೀಟರ್, ಎರಡೂ ಸೇರಿ ಸರಿಯಾಗಿ 16! ಇದಲ್ಲದೆ ಆ ಬಡಾವಣೆಯ ಯೋಜನೆಯಲ್ಲಿ, ಪ್ರತಿ ಮನೆಯೂ ತನ್ನ ಸೈಟಿನ ಮೂರನೇ ಒಂದು ಭಾಗದಿಂದ ಅರ್ಧದಷ್ಟನ್ನು ಒಳಂಗಳವಾಗಿಯೋ ತಾರಸಿಯಾಗಿಯೋ ಆಕಾಶಕ್ಕೆ ಬಿಡಬೇಕೆಂಬ ವಿಚಾರವೂ ಇತ್ತು.

ಈ ನಿಯಮವನ್ನು ಎಷ್ಟು ದೂರ ಎಳೆಯಬಹುದು ಎಂಬುದಕ್ಕೆ 12ನೇ ಸೈಟ್ ಒಳ್ಳೆಯ ಉದಾಹರಣೆ. ಅದನ್ನು ರೂಪಿಸಿದ್ದು ಎಂವಿಆರ್‌ಡಿವಿ ಎಂಬ ಸಂಸ್ಥೆ. ಸೈಟಿನ ಅಗಲ 5 ಮೀಟರ್. ಅದರಲ್ಲಿ ಅರ್ಧವನ್ನು ಅವರು ಖಾಸಗಿ ಓಣಿಯಾಗಿ ಬಿಟ್ಟು, ಉಳಿದ ಎರಡೂವರೆ ಮೀಟರಿನಲ್ಲಿ ಮನೆ ಕಟ್ಟಿದರು. ನಮ್ಮ ಕ್ಲಾಸಿನ ಎರಡು ಡೆಸ್ಕ್ ಉದ್ದಕ್ಕೆ ಇಟ್ಟರೆ ಎಷ್ಟೋ ಅಷ್ಟೇ ಅಗಲ. ಆದರೆ ಓಣಿಯ ಕಡೆಯ ಉದ್ದನೆಯ ಗೋಡೆಯನ್ನು ಗಾಜಿನದಾಗಿ ಮಾಡಿದ್ದರಿಂದ ಬೆಳಕು ಪಕ್ಕದಿಂದಲೇ ಸಿಗುತ್ತದೆ. ಅರ್ಧ ಜಾಗ ಕಳೆದುಕೊಂಡು ಇಡೀ ಮನೆಗೆ ಬೆಳಕು ಪಡೆದರು.

ಈ ಬೀದಿಗೆ ಮಿತಿಗಳೂ ಇವೆ. ಮನೆಯ ಮುಂದೆ ಗಿಡಕ್ಕೆ ಜಾಗವಿಲ್ಲ. ಹಲವು ಮನೆಗಳ ನೆಲಮಹಡಿಯಲ್ಲಿ ಕಾರು ನಿಲ್ಲಿಸುವುದರಿಂದ ಬೀದಿಯ ಕಡೆಗೆ ಗ್ಯಾರೇಜ್ ಬಾಗಿಲು ಬಂದಿದೆ. ಸಾಲಿನ ಚಂದದ ಫೋಟೋಗಳು ಹೆಚ್ಚಾಗಿ ಹಿಂದಿನ ಕಾಲುವೆಯ ಕಡೆಯಿಂದ ತೆಗೆದವು.

ನಮ್ಮ ಸೈಟಿಗೆ ಬರೋಣ. 15 ಅಡಿ ಎಂದರೆ ಸುಮಾರು 4.6 ಮೀಟರ್. ಆಮ್‌ಸ್ಟರ್‌ಡ್ಯಾಮಿನ ಚಿಕ್ಕ ಸೈಟಿಗಿಂತ ಅಗಲವೇ! ನಮ್ಮ ತೊಂದರೆ ಅಗಲದಲ್ಲಿ ಇರಲಿಲ್ಲ. ಸೈಟಿನ ಹಿಂದೆ ಬೇರೆಯವರ ಮನೆಯ ಗೋಡೆ ಇರುವುದರಿಂದ ಬೆಳಕು ಮುಂದಿನಿಂದ ಮಾತ್ರ. ಕಿಟಕಿ 7 ಅಡಿಯವರೆಗೆ ಇದ್ದರೆ ಬೆಳಕು ಹದಿನೇಳೂವರೆ ಅಡಿಗೆ ನಿಲ್ಲುತ್ತದೆ, ಹಿಂದಿನ ಇಪ್ಪತ್ತಕ್ಕೂ ಹೆಚ್ಚು ಅಡಿ ಕತ್ತಲೆ. ಆಪಾ ಗ್ರಾಫ್ ಪೇಪರಿನಲ್ಲಿ ನಡುವೆ 8 ಅಡಿ ಉದ್ದದ ಜಾಗ ಬಿಟ್ಟು ತೊಟ್ಟಿ ಬರೆದಳು. ಎರಡು ಮನೆಯ ತೊಟ್ಟಿಗಳೂ ಅಕ್ಕಪಕ್ಕದಲ್ಲೇ ಬಂದರೆ, ನಡುಗೋಡೆಯನ್ನು ಅಲ್ಲಿ ತಗ್ಗಿಸಿ ಇಬ್ಬರೂ ದೊಡ್ಡ ಆಕಾಶ ಪಡೆಯಬಹುದು. ಒಬ್ಬರು ಮಾತ್ರ ಬಿಟ್ಟರೆ ಪಕ್ಕದ ಎತ್ತರದ ಗೋಡೆ ಅದನ್ನು ಬಾವಿ ಮಾಡಿಬಿಡುತ್ತದೆ.

ಆ ರಾತ್ರಿ ಅಬ್ಬಾ ಮತ್ತು ಚಾಚಾ ಆ ಹಾಳೆಯ ಮೇಲೆ ನಾಲ್ಕು ವಿಷಯ ಬರೆದು ಸಹಿ ಹಾಕಿದರು: ಪಾಯದ ಎತ್ತರ, ಸಜ್ಜಾದ ಮಟ್ಟ, ತಾರಸಿಯ ಎತ್ತರ, ತೊಟ್ಟಿಯ ಜಾಗ. ಇವು ನಾಲ್ಕೂ ಎರಡು ಮನೆಗೂ ಒಂದೇ. ಉಳಿದದ್ದು ಅವರವರ ಇಷ್ಟ. ಚಾಚಾ ಆಗಲೇ ಮುಂಭಾಗಕ್ಕೆ ಹಸಿರು ಬಣ್ಣ ಎಂದು ಹೇಳಿಬಿಟ್ಟಿದ್ದಾರೆ. ಅಬ್ಬಾ ಏನೂ ಅನ್ನಲಿಲ್ಲ.