ಏರ್ ಫ್ರೈಯರ್ ಹೊಗೆಯಾಡಿದರೆ...

ಕಳೆದ ರಮಝಾನಿನಲ್ಲಿ ನಮ್ಮ ಪಕ್ಕದ ಮನೆಯ ಸಹೋದರಿಯೊಬ್ಬರು ಇಫ್ತಾರ್‌ಗೆ ಅರ್ಧ ಗಂಟೆ ಇರುವಾಗ ಓಡೋಡಿ ಬಂದರು. ಅವರ ಏರ್ ಫ್ರೈಯರ್ ನಾಲ್ಕು ದಿನಗಳಿಂದ ಹೊಗೆಯಾಡುತ್ತಿತ್ತು. ಅಂದು ಫ್ಯಾನ್ ತಿರುಗುತ್ತಿದೆ, ದೀಪವೂ ಉರಿಯುತ್ತಿದೆ, ಆದರೆ ಒಳಗೆ ಬಿಸಿಯೇ ಇಲ್ಲ. ಸಮೋಸಗಳು ಹಸಿಯಾಗಿಯೇ ಕುಳಿತಿದ್ದವು. ಅಂದಿನ ಸಮೋಸ ಬಾಣಲೆಯಲ್ಲೇ ಕರಿದದ್ದಾಯಿತು. ಆದರೆ ಕಾರಣ ಹುಡುಕಿದಾಗ ತಿಳಿದದ್ದನ್ನು ನಿಮಗೂ ಹೇಳಬೇಕೆನಿಸಿತು.

ಮೊದಲು ಒಳಗೇನಿದೆ ನೋಡಿ. ಬುಟ್ಟಿಯ ಮೇಲ್ಗಡೆ ಸುರುಳಿಯಾಗಿ ಬಾಗಿದ ಕಾಯಿಲ್ ಇರುತ್ತದೆ, ಅದರ ಮೇಲೆ ಫ್ಯಾನ್. ಕಾಯಿಲ್‌ನ ಬಿಸಿಯನ್ನು ಈ ಫ್ಯಾನ್ ಬುಟ್ಟಿಯ ಸುತ್ತ ಓಡಿಸುತ್ತದೆ. ಕೋಳಿಯ ಚರ್ಮ, ಕಬಾಬಿನ ಮಸಾಲೆಯಿಂದ ಸಿಡಿದ ಕೊಬ್ಬು ಆ ಗಾಳಿಯೊಂದಿಗೆ ಮೇಲೇರಿ ಕಾಯಿಲ್‌ಗೂ ಫ್ಯಾನಿನ ಎಲೆಗಳಿಗೂ ಅಂಟುತ್ತದೆ. ನಾವು ಬುಟ್ಟಿಯನ್ನು ತೊಳೆದು ಫಳಫಳ ಹೊಳೆಸುತ್ತೇವೆ, ಮೇಲೆ ಮಾತ್ರ ಕಣ್ಣು ಹಾಯಿಸುವುದಿಲ್ಲ. ಮುಂದಿನ ಸಲ ಉರಿಸಿದಾಗ ಆ ಹಳೆಯ ಜಿಡ್ಡೇ ಹೊಗೆಯಾಗುತ್ತದೆ.

ಬುಟ್ಟಿಯನ್ನು ಖಾಲಿಯಿಟ್ಟು ಐದು ನಿಮಿಷ ನಡೆಸಿ ನೋಡಿ. ಆಗಲೂ ಹೊಗೆ ಬಂದರೆ ತಪ್ಪು ಅಡುಗೆಯದ್ದಲ್ಲ, ಮೇಲಿನ ಜಿಡ್ಡಿನದ್ದು. ಕೊಬ್ಬಿನ ಮಾಂಸ ಇಟ್ಟಾಗ ಮಾತ್ರ ಬಿಳಿ ಹೊಗೆ ಬರುತ್ತಿದ್ದರೆ, ತೊಟ್ಟಿಕ್ಕಿದ ಕೊಬ್ಬು ತಟ್ಟೆಯಲ್ಲಿ ಸುಡುತ್ತಿದೆಯೆಂದರ್ಥ. ನಡುವೆ ಒಮ್ಮೆ ಅದನ್ನು ಬಸಿದುಬಿಡಿ. ಆದರೆ ಕಪ್ಪು ಹೊಗೆಯೋ, ಪ್ಲಾಸ್ಟಿಕ್ ಸುಟ್ಟ ವಾಸನೆಯೋ ಬಂದರೆ ಕೂಡಲೇ ಪ್ಲಗ್ ಕಿತ್ತುಬಿಡಿ. ಹೊಗೆ ನಿಲ್ಲುವವರೆಗೆ ಬುಟ್ಟಿಯನ್ನು ಹೊರಗೆಳೆಯಬೇಡಿ. ಹೊಸ ಗಾಳಿ ನುಗ್ಗಿದರೆ ಬೆಂಕಿ ಹತ್ತಿಕೊಳ್ಳಬಹುದು.

ಆ ಸಹೋದರಿಯ ಯಂತ್ರದಲ್ಲಿ ಹೋಗಿದ್ದು ಥರ್ಮಲ್ ಫ್ಯೂಸ್. ಬೆರಳಿನ ತುದಿಯಷ್ಟು ಪುಟ್ಟ ಕೊಳವೆ ಅದು. ಒಳಗಿನ ಬಿಸಿ ಅದರ ಮೇಲೆ ಬರೆದಿರುವ ಡಿಗ್ರಿಯನ್ನು ಮೀರಿದರೆ ಒಳಗೇ ಕಡಿದುಹೋಗಿ ಕಾಯಿಲ್‌ಗೆ ಕರೆಂಟು ನಿಲ್ಲಿಸುತ್ತದೆ. ಒಮ್ಮೆ ಕಡಿದರೆ ಮತ್ತೆ ಕೂಡುವುದಿಲ್ಲ, ಬದಲಾಯಿಸಲೇಬೇಕು. ಕೆಲವು ಮಾದರಿಗಳಲ್ಲಿ ಈ ಫ್ಯೂಸ್ ಹೋದರೆ ದೀಪ, ಫ್ಯಾನ್ ಎಲ್ಲವೂ ಸತ್ತಂತಾಗುತ್ತವೆ. ಆದರೆ ಬುಟ್ಟಿ ಪೂರ್ತಿ ಒಳಗೆ ಕೂರದಿದ್ದರೂ ಯಂತ್ರ ನಡೆಯುವುದಿಲ್ಲ, ಮೊದಲು ಅದನ್ನು ನೋಡಿಕೊಳ್ಳಿ.

ಮೆಕ್ಯಾನಿಕ್ ಮೀಟರ್ ಹಚ್ಚಿ ನೋಡಿದರು. ಕಾಯಿಲ್ 35 ಓಮ್ ತೋರಿಸಿತು. 1500 ವ್ಯಾಟ್‌ನ ಕಾಯಿಲ್‌ಗೆ ಅಷ್ಟೇ ಇರಬೇಕಾದದ್ದು. ಫ್ಯೂಸ್‌ನಲ್ಲಿ ಮಾತ್ರ ಮೀಟರ್ ಅಲುಗಲಿಲ್ಲ. ಮೊದಲು ಬಂದಿದ್ದ ಇನ್ನೊಬ್ಬ "ಅಕ್ಕಾ, ಫ್ಯೂಸ್ ತೆಗೆದು ವಯರ್ ಜೋಡಿಸಿಬಿಡ್ತೇನೆ, ಇಫ್ತಾರ್‌ಗೆ ಸಿದ್ಧವಾಗ್ತದೆ" ಎಂದಿದ್ದನಂತೆ. ಅವರು ಒಪ್ಪದ್ದು ದೇವರ ದಯೆ! ಆ ಫ್ಯೂಸ್ ಇರುವುದೇ ಥರ್ಮೋಸ್ಟಾಟ್ ಕೈಕೊಟ್ಟಾಗ ಬೆಂಕಿಯನ್ನು ತಡೆಯಲು. ಅದೇ ಡಿಗ್ರಿ, ಅದೇ ಆಂಪಿಯರ್‌ನ ಫ್ಯೂಸ್ ಹಾಕಿಸಬೇಕು. ಅದನ್ನು ಬೆಸುಗೆ ಹಾಕಲೂ ಬಾರದು, ಬೆಸುಗೆಯ ಬಿಸಿಗೇ ಅದು ಕಡಿದುಹೋಗಬಹುದು. ಒತ್ತಿ ಕೂರಿಸುವ ಕ್ಲಿಪ್ ಬಳಸುತ್ತಾರೆ.

ಫ್ಯೂಸ್ ಬದಲಾಯಿಸಿದರೆ ಸಾಕೇ? ಸಾಲದು. ಅದೇಕೆ ಹೋಯಿತು? ಮೆಕ್ಯಾನಿಕ್ ಫ್ಯಾನನ್ನು ಬೆರಳಿನಿಂದ ತಿರುಗಿಸಿದಾಗ ಅದು ಒಂದು ಸುತ್ತಿಗೇ ನಿಂತಿತು. ಜಿಡ್ಡು ಅದರ ಕಡ್ಡಿಯವರೆಗೂ ಇಳಿದಿತ್ತು. ಫ್ಯಾನ್ ನಿಧಾನವಾದರೆ ಬಿಸಿ ಕೆಳಗಿಳಿಯದೆ ಮೇಲೆಯೇ ಸೇರಿಕೊಳ್ಳುತ್ತದೆ, ಫ್ಯೂಸ್ ಕಡಿಯುತ್ತದೆ. ಫ್ಯಾನನ್ನು ಶುಚಿಗೊಳಿಸದೆ ಹೊಸ ಫ್ಯೂಸ್ ಹಾಕಿದ್ದರೆ ಅದೂ ಬೇಗನೆ ಹೋಗುತ್ತಿತ್ತು. ಎಂದಿನ ಸದ್ದು ಬದಲಾಗಿ ಗೊರಗೊರ ಎನ್ನತೊಡಗಿದರೆ ಅದು ಇದರ ಮುನ್ಸೂಚನೆ.

ಶುಚಿಗೊಳಿಸುವುದು ಮನೆಯಲ್ಲೇ ಸಾಧ್ಯ. ಪ್ಲಗ್ ಕಿತ್ತು, ಒಂದು ಗಂಟೆ ಆರಲು ಬಿಟ್ಟು, ಬುಟ್ಟಿ ತೆಗೆದು ಯಂತ್ರವನ್ನು ತಲೆಕೆಳಗಾಗಿಡಿ. ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆಯ ಸೋಪು ಹಾಕಿ, ಬಟ್ಟೆಯನ್ನು ಚೆನ್ನಾಗಿ ಹಿಂಡಿ ಕಾಯಿಲನ್ನು ಒರೆಸಿ. ಸಂದುಗಳಿಗೆ ಮೃದುವಾದ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ನಂತರ ಸೋಪಿಲ್ಲದ ಒದ್ದೆ ಬಟ್ಟೆಯಿಂದ ಒರೆಸಿ, ಒಂದು ರಾತ್ರಿ ಒಣಗಲು ಬಿಡಿ. ನೀರು ಸುರಿಯಲೇಬೇಡಿ.

ನೀರು ಸುರಿದವರ ಮನೆಯಲ್ಲೇ ಹೆಚ್ಚಾಗಿ ಟ್ರಿಪ್ ಆಗುವುದು. ಕಾಯಿಲ್‌ನ ಕೊಳವೆಯೊಳಗಿನ ಬಿಳಿ ಪುಡಿ ತೇವ ಹೀರಿದರೆ ಕರೆಂಟು ಹೊರಗಿನ ಲೋಹಕ್ಕೆ ಸೋರುತ್ತದೆ, ಇಎಲ್‌ಸಿಬಿ ಬೀಳುತ್ತದೆ. ಎರಡು ದಿನ ಒಣಗಿಸಿದರೂ ಬೀಳುತ್ತಿದ್ದರೆ ಕಾಯಿಲ್ ಕೆಟ್ಟಿರಬಹುದು, ಪರೀಕ್ಷಿಸಿಸಿ. ಎಂಸಿಬಿ ಮಾತ್ರ ಬೀಳುತ್ತಿದ್ದರೆ ವಿಷಯ ಬೇರೆ. 1500 ವ್ಯಾಟ್‌ಗೆ ಆರೂವರೆ ಆಂಪಿಯರ್ ಬೇಕು. ಒಂದೇ ಎಕ್ಸ್‌ಟೆನ್ಷನ್‌ನಲ್ಲಿ ಕೆಟಲ್, ಮಿಕ್ಸಿ ಎಲ್ಲವನ್ನೂ ತುರುಕಿದ್ದೀರೋ ಎಂದು ನೋಡಿ. ಇದಕ್ಕೆ ದೊಡ್ಡ 16 ಆಂಪಿಯರ್ ಸಾಕೆಟ್ಟೇ ಒಳ್ಳೆಯದು.

ಟ್ರಿಪ್ ನಿಲ್ಲಲೆಂದು ಅರ್ತ್‌ನ ದಪ್ಪ ಪಿನ್ ಮುರಿಯುವವರನ್ನು ನಾನೇ ಕಂಡಿದ್ದೇನೆ. ಹಾಗೆ ಮಾಡಿದರೆ ಟ್ರಿಪ್ ನಿಲ್ಲುತ್ತದೆ, ಸೋರಿಕೆ ನಿಲ್ಲುವುದಿಲ್ಲ. ಒದ್ದೆ ಕೈಯಲ್ಲಿ ಲೋಹ ಮುಟ್ಟಿದವರ ಮೈಯೇ ಆ ಕರೆಂಟಿಗೆ ದಾರಿಯಾಗುತ್ತದೆ.

ನಮ್ಮ ಸಹೋದರಿ ಈಗ ಪ್ರತಿ ಶುಕ್ರವಾರ ಯಂತ್ರವನ್ನು ತಲೆಕೆಳಗೆ ಮಾಡಿ ಒರೆಸುತ್ತಾರೆ. ಕಬಾಬ್ ಮಾಡಿದ ದಿನವಾದರೆ ಶುಕ್ರವಾರಕ್ಕೆ ಕಾಯುವುದಿಲ್ಲ.